ರೇಟಿಂಗ್ ದೊಡ್ಡದು, ಹೈಕ್ ಸಣ್ಣದು

*ನನ್ನ ತಂಡದ ಹುಡುಗಿಗೆ ಈ ಸಲ 5ಕ್ಕೆ 5 ರೇಟಿಂಗ್ ಕೊಟ್ಟಿದ್ದೇನೆ. ಆದರೆ ಸಂಬಳ ಹೆಚ್ಚಳಕ್ಕೆಂದು ವಿಭಾಗಕ್ಕೆ ಸಿಕ್ಕಿದ್ದೇ ಶೇ. 4. ಅವಳಿಗೆ ಶೇ. 6 ಕೊಡಿಸುವಷ್ಟರಲ್ಲಿ ಸಾಕಾಯಿತು. ಅವಳ ಸಿಟಿಸಿ 12 ಲಕ್ಷ. ಎಚ್‌ಆರ್ ಕೊಟ್ಟ ಹೆಚ್ಚಳದ ಪತ್ರದ ಮಾದರಿಯಲ್ಲಿ ‘ಸವಾಲಿನ ಮಾರುಕಟ್ಟೆ ಪರಿಸ್ಥಿತಿಯ ಕಾರಣ’ ಎಂದಷ್ಟೇ ಇದೆ. ಹಾಗೇ ಕಳಿಸಲೇ?*
— ಒಬ್ಬ ಮ್ಯಾನೇಜರ್, ಬೆಂಗಳೂರು

ಸಂಪಾದಕರ ಉತ್ತರ:

ಬೇಡ. ಕಂಪನಿ ಹೊಸಬರನ್ನು ಸೇರಿಸಿಕೊಳ್ಳುತ್ತಿದ್ದರೆ ಅದು ನಿಮ್ಮ ಉದ್ಯೋಗಿಯ ಕಣ್ಣಿಗೂ ಬೀಳುತ್ತಿರುತ್ತದೆ. ಮಾರುಕಟ್ಟೆಯ ಮೇಲೆ ಹಾಕಿದ ನೆಪವನ್ನು ನಂಬುವುದಿಲ್ಲ. ದುಡ್ಡಿಲ್ಲದೆ ಕಡಿಮೆಯಾಯಿತೋ, ತನ್ನ ಕೆಲಸವೇ ಸಾಲದಾಯಿತೋ ಎಂಬ ಅನುಮಾನ ಉಳಿಯುತ್ತದೆ. ಆದ್ದರಿಂದ ಕೆಲಸದ ಮಾತು ಒಂದು ಪ್ಯಾರಾದಲ್ಲಿ ಮುಗಿಯಲಿ, ಹಣದ ಮಾತು ಇನ್ನೊಂದರಲ್ಲಿ ಬರಲಿ:

“2025–26ರ ನಿಮ್ಮ ರೇಟಿಂಗ್ 5ಕ್ಕೆ 5. ಬಿಲ್ಲಿಂಗ್ ವ್ಯವಸ್ಥೆಯ ಬದಲಾವಣೆಯನ್ನು ಗ್ರಾಹಕರಿಗೆ ತೊಂದರೆಯಾಗದಂತೆ ಮುಗಿಸಿದ್ದು ಇದಕ್ಕೆ ಮುಖ್ಯ ಕಾರಣ.

ಸಂಬಳ ಹೆಚ್ಚಳಕ್ಕೆ ಈ ವರ್ಷ ನಮ್ಮ ವಿಭಾಗಕ್ಕೆ ಸಿಕ್ಕ ಮೊತ್ತ ಸರಾಸರಿ ಶೇ. 4. ನಿಮಗೆ ಏಪ್ರಿಲ್ 1ರಿಂದ ಅನ್ವಯವಾಗುವಂತೆ ಶೇ. 6 ನಿಗದಿಯಾಗಿದೆ. ನಿಮ್ಮ ಕೆಲಸಕ್ಕೆ ಇದು ಕಡಿಮೆ ಎಂಬುದನ್ನು ನಾನು ಬಲ್ಲೆ.”

ಬಿಲ್ಲಿಂಗ್ ಎಂದಿರುವ ಕಡೆ ಅವರು ನಿಜವಾಗಿ ಮಾಡಿದ್ದನ್ನು ಬರೆಯಿರಿ. ಶೇ. 4ರ ಲೆಕ್ಕ ಹೊರಗೆ ಹೇಳಬಹುದೇ ಎಂದು ಎಚ್‌ಆರ್‌ಗೆ ಕೇಳಿ, ಒಪ್ಪಿದರೆ ಬಿಡಬೇಡಿ. ಸರಾಸರಿಗಿಂತ ಹೆಚ್ಚು ಸಿಕ್ಕಿದೆ ಎಂಬುದು ಗೊತ್ತಾಗುವುದು ಅದರಿಂದಲೇ. ಪಕ್ಕದವರಿಗೆ ಎಷ್ಟು ಎಂಬುದು ಮಾತ್ರ ಬಾಯಿಗೆ ಬರಬಾರದು.

ನಿಜವಾದ ಜಗಳ ಹುಟ್ಟುವುದು ಮುಂದಿನ ಸಂಬಳದ ಸ್ಲಿಪ್ ಬಂದಾಗ. 12 ಲಕ್ಷಕ್ಕೆ ಶೇ. 6 ಎಂದರೆ ವರ್ಷಕ್ಕೆ 72,000, ತಿಂಗಳಿಗೆ 6,000. ಬೇಸಿಕ್ ಅರ್ಧ ಭಾಗವಾಗಿದ್ದು, ಪೂರ್ತಿ ಬೇಸಿಕ್ ಮೇಲೆ ಪಿಎಫ್ ಕಟ್ಟುವ ಕಂಪನಿಯಾದರೆ ಬೇಸಿಕ್ 3,000 ಏರುತ್ತದೆ. ಅದರ ಶೇ. 12 ಅಂದರೆ 360 ರೂಪಾಯಿ ಕಂಪನಿಯ ಪಾಲಿನ ಪಿಎಫ್, ಇನ್ನೊಂದು 360 ಅವರ ಪಾಲು. ಗ್ರಾಚ್ಯುಟಿಯನ್ನೂ ಸಿಟಿಸಿಯಲ್ಲೇ ಸೇರಿಸಿದ್ದರೆ ಸುಮಾರು 144. ತೆರಿಗೆಗೆ ಮುಂಚೆಯೇ ಕೈಗೆ ಹೆಚ್ಚು ಬರುವುದು 5,136 ಮಾತ್ರ. ಪತ್ರದ ಜೊತೆ ಹಳೆಯ, ಹೊಸ ಸಂಬಳದ ವಿವರಗಳನ್ನು ಅಕ್ಕಪಕ್ಕ ಇಟ್ಟು ಕಳಿಸಿ. ಪತ್ರ ಜುಲೈನಲ್ಲಿ ಹೊರಟರೆ ಏಪ್ರಿಲ್‌ನಿಂದಿನ ಅರಿಯರ್ಸ್ ಯಾವ ತಿಂಗಳು ಬರುತ್ತದೆಂದೂ ಬರೆಯಿರಿ.

‘ಮುಂದಿನ ವರ್ಷ ಸರಿಮಾಡೋಣ’ ಎಂದು ಬರೆಯುವ ಆಸೆಯಾಗುತ್ತದೆ. ಆ ಹೊತ್ತಿಗೆ ನೀವೇ ಅಲ್ಲಿರುತ್ತೀರೋ ಇಲ್ಲವೋ. ಪತ್ರವಂತೂ ಅವರ ಬಳಿ ಇರುತ್ತದೆ. ಅಕ್ಟೋಬರ್‌ನಲ್ಲಿ ಮತ್ತೆ ಪರಿಶೀಲಿಸಲು ಫೈನಾನ್ಸ್‌ನವರು ಲಿಖಿತವಾಗಿ ಒಪ್ಪಿದ್ದರೆ ಮಾತ್ರ ತಿಂಗಳು ನಮೂದಿಸಿ. ಅದಾಗದಿದ್ದರೆ ಒಂದು ಸಲದ ಬೋನಸ್ ಕೇಳಿ ನೋಡಿ. ಅದು ಮುಂದಿನ ವರ್ಷಗಳ ಸಂಬಳಕ್ಕೆ ಸೇರಿಕೊಳ್ಳುವುದಿಲ್ಲವಾದ್ದರಿಂದ ಕಂಪನಿಗಳು ಸ್ವಲ್ಪ ಸುಲಭವಾಗಿ ಒಪ್ಪುತ್ತವೆ. ಅದೇ ಕಾರಣಕ್ಕೆ ಅವರಿಗೆ ಅದು ಹೈಕ್‌ಗೆ ಸಮವಲ್ಲ, ಸಮವೆಂಬಂತೆ ಬಣ್ಣಿಸಬೇಡಿ.

ಪತ್ರ ಮೇಲ್‌ಗೆ ಹೋಗುವ ಮೊದಲು ಎದುರು ಕೂತು ಈ ಅಂಕಿಗಳನ್ನು ನೀವೇ ಹೇಳಿ. ಶುಕ್ರವಾರ ಸಂಜೆ ಮಾತ್ರ ಬೇಡ, ಮರುದಿನ ಪ್ರಶ್ನೆ ಕೇಳಲು ನೀವು ಸಿಗಬೇಕು.