ರೂಲ್ಸ್ ಪ್ರಕಾರ ಬರೆದವರೇ ಸಿಕ್ಕಿಬೀಳೋದು

"ತಮ್ಮನಿಗೆ ಆಟಿಸಂ ಇದೆ, ಇಂಗ್ಲಿಷ್ ಅಸೈನ್‌ಮೆಂಟ್ ಅವನೇ ಬರ್ದದ್ದು, ಆದ್ರೂ ಎಐ ಡಿಟೆಕ್ಟರ್ ಇದು ಎಐ ಬರ್ದದ್ದು ಅಂತಿದೆ, ಯಾಕೆ?"

ಯಾರು ಬರ್ದದ್ದು ಅಂತ ಅದಕ್ಕೆ ಗೊತ್ತಾಗುದಿಲ್ಲ ಮಾರಾಯ್ರೆ, ಮುಂದಿನ ಪದ ಊಹಿಸ್ಲಿಕ್ಕೆ ಎಷ್ಟು ಸುಲಭ, ವಾಕ್ಯಗಳು ಎಷ್ಟು ಉದ್ದ ಗಿಡ್ಡ ಆಗ್ತವೆ, ಹೆಚ್ಚಾಗಿ ಇಂಥದ್ದನ್ನೇ ಅದು ನೋಡುದು. 'ಇಟ್ ಈಸ್ ಇಂಪಾರ್ಟೆಂಟ್ ಟು' ಆದ್ಮೇಲೆ 'ನೋಟ್' ಬರ್ತದೆ ಅಂತ ಯಾರಿಗಾದ್ರೂ ಗೊತ್ತಾಗ್ತದಲ್ಲ, ಎಐ ಬರೆಯುದೂ ಹಾಗೇ ಅಲ್ವಾ. ಕಲಿತ ರೂಲ್ ಬಿಡದೆ, ಪ್ರತಿ ಪ್ಯಾರಾ ಒಂದೇ ಅಚ್ಚಲ್ಲಿ, ಅದೇ ಪದ ಪುನಃ ಪುನಃ ಹಾಕಿ ಬರೆಯುವವ್ರು (ಆಟಿಸಂ ಇರುವ ಕೆಲವ್ರು ಹೀಗೆ ಬರೀತಾರೆ, ಎಲ್ರೂ ಅಲ್ಲ) ಅದಕ್ಕೇ ಸಿಕ್ಕಿಬೀಳುದು.

ಕಾಸರಗೋಡಲ್ಲಿ ಕನ್ನಡ ಮೀಡಿಯಂ ಕಲ್ತ ನಂದೂ ಇದೇ ಕಥೆ, ಗ್ರಾಮರ್ ಪುಸ್ತಕದ ಇಂಗ್ಲಿಷ್ ಬಿಟ್ರೆ ಬೇರೆ ಬರುದಿಲ್ಲ. 2023ರಲ್ಲಿ ಸ್ಟ್ಯಾನ್‌ಫರ್ಡಿನವ್ರು ಇಂಗ್ಲಿಷ್ ಮಾತೃಭಾಷೆ ಅಲ್ಲದವ್ರ 91 ಟೋಫೆಲ್ ಪ್ರಬಂಧಗಳನ್ನು 7 ಡಿಟೆಕ್ಟರಿಗೆ ಕೊಟ್ರು, ಸರಾಸರಿ 61% ಪ್ರಬಂಧಗಳು ಎಐ ಬರ್ದದ್ದು ಅಂತ ಬಂತು, ಅದನ್ನೇ ಪದಗಳಿಗೆ ಸ್ವಲ್ಪ ಬಣ್ಣ ಹಚ್ಚಿ ಕೊಟ್ಟಾಗ 12%ಕ್ಕೆ ಇಳೀತು. ಬಣ್ಣ ಹಚ್ಚಿದ್ದು ಚಾಟ್‌ಜಿಪಿಟಿಯೇ, ತಮಾಷೆ ನೋಡಿ!

ತಮ್ಮನ ಶೈಲಿ ಬದಲಿಸ್ಲಿಕ್ಕೆ ಹೋಗ್ಬೇಡಿ. ಗೂಗಲ್ ಡಾಕ್ಸಲ್ಲಿ ಬರ್ದದ್ದಾದ್ರೆ ವರ್ಷನ್ ಹಿಸ್ಟರಿ ತೆಗೆದು ಮೇಷ್ಟ್ರಿಗೆ ತೋರ್ಸಿ, ಜೊತೆಗೆ ಅವನ ಹಳೇ ನೋಟ್‌ಬುಕ್ಕೂ ಇರ್ಲಿ, ಕೈಬರಹದಲ್ಲೂ ಅದೇ ಅಚ್ಚು ಕಾಣ್ತದೆ.