ಗೊಬ್ಬರಗುಂಡಿಯ ‘ಎರಡು ತಲೆ ಹಾವು’

ಪ್ರಶ್ನೆ: ಶಿರಸಿ ಹತ್ತಿರ ನಮ್ಮ ಅಡಿಕೆ ತೋಟ. ಗೊಬ್ಬರಗುಂಡಿ ತೆಗೆಸುವಾಗ ಇದು ಸಿಕ್ಕಿತು. ಒಂದು ಗೇಣು ಉದ್ದ ಇದೆ. ಎರೆಹುಳುವಿನ ಹಾಗೆ ಮೈತುಂಬ ಉಂಗುರ, ಆದರೆ ಬಾಯಿ ಇದ್ದಂತೆ ಕಾಣುತ್ತದೆ. ಕೆಲಸದವರು ಎರಡು ತಲೆ ಹಾವು, ಕಚ್ಚಿದರೆ ಉಳಿಗಾಲ ಇಲ್ಲ ಅನ್ನುತ್ತಾರೆ. ಎರಡು ಫೋಟೋ ಹಾಕಿದ್ದೇನೆ. ಇದು ಏನು?

ಉತ್ತರ:

ಇದು ಸಿಸಿಲಿಯನ್. ಕಪ್ಪೆಗಳ ಬಳಗಕ್ಕೆ ಸೇರಿದ, ಕಾಲಿಲ್ಲದ ಪ್ರಾಣಿ. ಇದರಿಂದ ನಿಮಗಾಗಲಿ ಕೆಲಸದವರಿಗಾಗಲಿ ಅಪಾಯ ಇಲ್ಲ. ಇನ್ನೂ ಬಕೆಟ್ಟಿನಲ್ಲೇ ಇದ್ದರೆ ಮೊದಲು ಒದ್ದೆ ಮಣ್ಣು ಹಾಕಿ ನೆರಳಿಗಿಡಿ, ಆಮೇಲೆ ಉಳಿದದ್ದು ಓದಿ. ಕಪ್ಪೆಯ ಹಾಗೆಯೇ ಇದರ ಚರ್ಮ ಸದಾ ಹಸಿಯಾಗಿರಬೇಕು. ಬಿಸಿಲಲ್ಲಿ ಬಿಟ್ಟರೆ ಒಣಗಿ ಸಾಯುತ್ತದೆ.

ನಿಮ್ಮ ಮೊದಲ ಫೋಟೋ ಮಾತ್ರ ಇದ್ದಿದ್ದರೆ ನಾನೂ ತಪ್ಪುತ್ತಿದ್ದೆ. ಅದನ್ನು ನೀವು ನಿಂತುಕೊಂಡು ಮೇಲಿನಿಂದ ತೆಗೆದಿದ್ದೀರಿ. ಎಲ್ಲರೂ ಹಾಗೇ ತೆಗೆಯುತ್ತಾರೆ. ಅದರಲ್ಲಿ ಕಾಣುವುದು ಕಂದುಬಣ್ಣದ, ಉಂಗುರ ಉಂಗುರವಾದ ನಡುಮೈ ಅಷ್ಟೆ. ಒಂದು ತುದಿ ದರಕಿನ ಅಡಿ ಹೋಗಿದೆ, ಇನ್ನೊಂದು ತುದಿಗೆ ಮಣ್ಣು ಮೆತ್ತಿದೆ. ಎರೆಹುಳು, ಸಿಸಿಲಿಯನ್, ಕುರುಡು ಹಾವು ಈ ಮೂರೂ ಒಂದೇ ಥರ ಕಾಣುವುದು ನಡುವಿನಲ್ಲಿ. ನಮ್ಮ ಕಣ್ಣು ಮೊದಲು ಹೋಗುವುದೂ ಅಲ್ಲಿಗೇ. ಗುರುತು ಸಿಗುವುದು ಎರಡು ತುದಿಗಳಲ್ಲಿ.

ಎರಡನೇ ಫೋಟೋದಲ್ಲಿ ಅದು ಎಲೆಯ ಮೇಲೆ ಪಕ್ಕಕ್ಕೆ ಹೊರಳಿದೆ. ಅದನ್ನು ದೊಡ್ಡದು ಮಾಡಿ ನೋಡಿ. ಮೂತಿಯ ಕೆಳಬದಿಯಲ್ಲಿ ಒಂದು ಗೆರೆ ಹಿಂದಕ್ಕೆ ಹೋಗಿದೆ ಅಲ್ವಾ? ಅದೇ ಬಾಯಿ. ಮೇಲಿನ ದವಡೆ ತುಸು ಮುಂದೆ ಚಾಚಿದೆ. ಮಣ್ಣಿಗೆ ತಲೆಯಿಂದಲೇ ಗುದ್ದಿ ದಾರಿ ಮಾಡಿಕೊಳ್ಳುವ ಪ್ರಾಣಿಗೆ ಬಾಯಿ ಹೀಗೆ ಕೆಳಗಿದ್ದರೇ ಅನುಕೂಲ. ಎರೆಹುಳುವಿಗೂ ಬಾಯಿ ಇದೆ, ಆದರೆ ದವಡೆ ಇಲ್ಲ, ಹಲ್ಲಿಲ್ಲ, ತಲೆ ಅಂತ ಬೇರೆಯಾಗಿ ತೋರಿಸುವಂಥದ್ದೂ ಇಲ್ಲ. ಅದರ ಉಂಗುರಗಳು ತುದಿಯವರೆಗೂ ಹೋಗಿ ಅಲ್ಲೇ ಮುಗಿಯುತ್ತವೆ. ನಿಮ್ಮ ಫೋಟೋದಲ್ಲಿ ಹಾಗಿಲ್ಲ. ಮುಂದಿನ ತುದಿಯಲ್ಲಿ ಸ್ವಲ್ಪ ಜಾಗ ಉಂಗುರವೇ ಇಲ್ಲದೆ ನುಣುಪಾಗಿದೆ. ಅದು ತಲೆ, ಒಳಗೆ ಗಟ್ಟಿ ಬುರುಡೆ ಇದೆ.

ಆ ನುಣುಪಾದ ಜಾಗದಲ್ಲೇ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಯೊಂದು ಕಾಣುತ್ತದೆ, ಸುತ್ತ ತಿಳಿಬಣ್ಣದ ಅಂಚು. ಅದು ಕಣ್ಣು. ಕಣ್ಣಿನ ಮುಂದೆ, ತುಟಿಯ ಹತ್ತಿರ ಇನ್ನೊಂದು ಬಿಳಿ ಚುಕ್ಕೆ ಇರಬೇಕು. ನಿಮ್ಮ ಫೋಟೋದಲ್ಲಿ ಅದು ಮಸುಕಾಗಿದೆ. ಅಲ್ಲಿಂದ ಒಂದು ಪುಟ್ಟ ಮೀಸೆಯಂಥ ಅಂಗ ಹೊರಗೆ ಬಂದು ಒಳಗೆ ಹೋಗುತ್ತಿರುತ್ತದೆ. ಅದರಿಂದ ಸಿಸಿಲಿಯನ್ ಕತ್ತಲಲ್ಲಿ ಮುಟ್ಟಿ, ಮೂಸಿ ದಾರಿ ಹುಡುಕುತ್ತದೆ. ಹಾವಿಗೂ ಇಂಥದ್ದಿಲ್ಲ, ಎರೆಹುಳುವಿಗೂ ಇಲ್ಲ, ಕಪ್ಪೆಗೂ ಇಲ್ಲ.

ಇನ್ನು ಹಳದಿ ಗೆರೆ. ಬಾಯಿಯ ಪಕ್ಕದಿಂದ ಹೊರಟು ಮೈಯ ಬದಿಯಲ್ಲಿ ಉದ್ದಕ್ಕೂ ಬಾಲದವರೆಗೆ ಹೋಗಿದೆ. ಮೊದಲ ಫೋಟೋದಲ್ಲಿ ಇದು ಕಾಣದೇ ಇರುವುದಕ್ಕೆ ಕಾರಣ ಇಷ್ಟೇ: ಗೆರೆ ಇರುವುದು ಬದಿಯ ತಗ್ಗಿನಲ್ಲಿ, ಮೇಲಿನಿಂದ ನೋಡಿದರೆ ಮರೆಯಾಗುತ್ತದೆ. ಉಂಗುರದ ಮೈ, ದವಡೆ, ಬದಿಯಲ್ಲಿ ಈ ಗೆರೆ, ಇಷ್ಟು ಸಿಕ್ಕಿದರೆ ನಮ್ಮ ಕಡೆ ಬೇರೆ ಯೋಚನೆ ಬೇಡ. ಇದು ಇಕ್ತಿಯೋಫಿಸ್ ಗುಂಪಿನದು. ಬೆಡ್ಡೋಮಿ ಎಂಬ ಜಾತಿ ಇರಬಹುದು, ಆದರೆ ಹಳದಿ ಗೆರೆ ಬೇರೆ ಜಾತಿಗಳಿಗೂ ಇದೆ. ಫೋಟೋ ನೋಡಿ ಜಾತಿಯ ಹೆಸರು ಖಚಿತವಾಗಿ ಹೇಳುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅದಕ್ಕೆ ಉಂಗುರ ಎಣಿಸಬೇಕು, ಹಲ್ಲು ನೋಡಬೇಕು.

ಉಂಗುರ ಅಂದಮೇಲೆ ನನ್ನ ಕಥೆಯೊಂದು ಹೇಳಲೇಬೇಕು. ಕೆಲವು ವರ್ಷದ ಹಿಂದೆ ನಮ್ಮ ಪಕ್ಕದ ಮನೆ ಹುಡುಗ ಮಳೆಗಾಲದ ಮೊದಲಲ್ಲಿ ಗಾಳಕ್ಕೆ ಅಂತ ಎರೆಹುಳು ಹೆಕ್ಕುತ್ತಿದ್ದ. ಒಂದು ದಪ್ಪನೆಯದು ತೋರಿಸಿ ‘ಇದು ಆಗ್ತದಾ?’ ಅಂದ. ನಾನು ಉಂಗುರ ನೋಡಿದೆ, ‘ಎರೆಹುಳುವೇ, ಹಾಕ್ಕೋ’ ಅಂದೆ. ರಾತ್ರಿಯಿಡೀ ಡಬ್ಬಿ ಮುಚ್ಚಿಟ್ಟಿದ್ದ. ಬೆಳಿಗ್ಗೆ ನೋಡಿದರೆ ದಪ್ಪನೆಯದು ಹಾಗೇ ಇದೆ, ಸಣ್ಣವು ಅರ್ಧ ಇಲ್ಲ. ಒಂದರ ಬಾಲ ಇನ್ನೂ ಅದರ ಬಾಯಿಂದ ಹೊರಗೆ ನೇತಾಡುತ್ತಿತ್ತು. ಸಿಸಿಲಿಯನ್‌ಗೆ ಎರೆಹುಳು ಅಂದರೆ ಊಟ. ಗೊಬ್ಬರಗುಂಡಿಯಲ್ಲಿ ಎರಡೂ ಒಟ್ಟಿಗೆ ಸಿಗುವುದಕ್ಕೂ ಅದೇ ಕಾರಣ. ಅಂದಿನಿಂದ ಬರೀ ಉಂಗುರ ನೋಡಿ ನಾನು ಏನೂ ಹೇಳುವುದಿಲ್ಲ.

ಎರೆಹುಳುವಿನ ಗುರುತು ಕೇಳಿದರೆ ಪಠ್ಯಪುಸ್ತಕ ಓದಿದವರು ಕೂಡಲೇ ‘ಪಟ್ಟಿ’ ಅನ್ನುತ್ತಾರೆ. ಮುಂಭಾಗದಲ್ಲಿ ಬಟ್ಟೆ ಸುತ್ತಿದ ಹಾಗೆ ಒಂದು ದಪ್ಪ ಪಟ್ಟಿ. ಅದು ಕಂಡರೆ ಖಂಡಿತ ಎರೆಹುಳು. ಆದರೆ ಬೆಳೆದ ಹುಳಕ್ಕೆ ಮಾತ್ರ ಆ ಪಟ್ಟಿ ಇರುತ್ತದೆ. ಮರಿಗಳಿಗೆ ಇಲ್ಲ. ಹಾಗಾಗಿ ಪಟ್ಟಿ ಕಾಣಲಿಲ್ಲ ಅಂದಮಾತ್ರಕ್ಕೆ ಎರೆಹುಳುವಲ್ಲ ಅನ್ನುವಂತಿಲ್ಲ. ನನಗೆ ಅದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವುದು ಮೈಯ ದಪ್ಪ. ಎರೆಹುಳುವಿಗೆ ಮೂಳೆ ಇಲ್ಲ. ಅದು ಹಿಗ್ಗಿ ಕುಗ್ಗಿ ಮುಂದೆ ಹೋಗುವುದರಿಂದ ಒಂದೇ ಫೋಟೋದಲ್ಲಿ ಮೈ ಒಂದು ಕಡೆ ಸಣಕಲಾಗಿ, ಇನ್ನೊಂದು ಕಡೆ ಉಬ್ಬಿಕೊಂಡು ಕಾಣುತ್ತದೆ. ಬೆನ್ನುಮೂಳೆ ಇರುವ ಸಿಸಿಲಿಯನ್ ಮತ್ತು ಹಾವು ಎಷ್ಟೇ ಬಳುಕಿದರೂ ದಪ್ಪ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ. ನಿಮ್ಮ ಮೊದಲ ಫೋಟೋದಲ್ಲಿ ನನಗೆ ಅನುಮಾನ ಹುಟ್ಟಿಸಿದ್ದು ಅದೇ.

ಹಾಗಾದರೆ ಕುರುಡು ಹಾವು ಯಾಕಲ್ಲ? ಅದರ ಮೈಯಲ್ಲಿ ಉಂಗುರವೇ ಇಲ್ಲ. ನಯವಾದ ಪುಟ್ಟ ಹುರುಪೆಗಳು ಒತ್ತೊತ್ತಾಗಿ ಜೋಡಿಸಿಕೊಂಡಿರುತ್ತವೆ, ಎಣ್ಣೆ ಸವರಿದ ತಂತಿಯ ಹಾಗೆ ಹೊಳೆಯುತ್ತದೆ. ನಮ್ಮಲ್ಲಿ ತೀರ ಸಾಮಾನ್ಯವಾಗಿ ಸಿಗುವ ಜಾತಿ ಸುಮಾರು 15 ಸೆಂಟಿಮೀಟರ್ ಉದ್ದ, ದಪ್ಪ ಶೂ ಲೇಸಿನಷ್ಟು. ಆ ಸಪೂರ ಮೈಯ ಸುತ್ತ 20 ಸಾಲು ಹುರುಪೆ ಕೂತಿರುತ್ತವೆ. ಬೇರೆ ಹಾವುಗಳಿಗೆ ಹೊಟ್ಟೆಯ ಕೆಳಗೆ ಅಗಲವಾದ ಪಟ್ಟಿಗಳಿರುತ್ತವೆ, ಇದಕ್ಕಿಲ್ಲ. ಬೆನ್ನಿಗೂ ಹೊಟ್ಟೆಗೂ ಒಂದೇ ಅಳತೆಯ ಹುರುಪೆ. ಬಾಲದ ತುದಿಯಲ್ಲಿ ಚಿಕ್ಕ ಮುಳ್ಳೊಂದಿದೆ. ಕೈಗೆ ತೆಗೆದುಕೊಂಡರೆ ಅದನ್ನು ಒತ್ತುತ್ತದೆ, ಚುಚ್ಚಿದಂತಾಗುತ್ತದೆ. ಬಾಲದಲ್ಲಿ ವಿಷ ಅನ್ನುವ ಮಾತು ಅಲ್ಲಿಂದ ಹುಟ್ಟಿರಬೇಕು. ಅದರಲ್ಲಿ ವಿಷ ಇಲ್ಲ.

ಕುರುಡು ಹಾವಿನ ಫೋಟೋದಲ್ಲಿ ಮೋಸ ಮಾಡುವುದು ಫ್ಲಾಶ್. ಕಾರವಾರದಿಂದ ನನ್ನ ಅಕ್ಕ ಒಮ್ಮೆ ರಾತ್ರಿ ಬಚ್ಚಲಮನೆಯಲ್ಲಿ ತೆಗೆದ ಫೋಟೋ ಕಳಿಸಿದ್ದಳು. ‘ಎರೆಹುಳು ಬಂದಿದೆ, ಉಪ್ಪು ಹಾಕ್ಲಾ?’ ಅಂತ. ಹೊಳೆಯುವ ಮೈಮೇಲೆ ಫ್ಲಾಶ್ ಬಿದ್ದು ಬಿಳಿ ಅಡ್ಡಗೆರೆಗಳು ಮೂಡಿದ್ದವು, ಥೇಟ್ ಉಂಗುರದ ಹಾಗೆ. ಉಪ್ಪು ಹಾಕಬೇಡ, ಬ್ಯಾಟರಿ ಬೆಳಕು ಪಕ್ಕದಿಂದ ಹಿಡಿದು ಸಣ್ಣ ವಿಡಿಯೋ ಮಾಡು ಅಂದೆ. ವಿಡಿಯೋದಲ್ಲಿ ಪುಟಪುಟನೆ ನಾಲಿಗೆ ಹೊರಗೆ ಬಂತು. ಅಷ್ಟು ಸಾಕಿತ್ತು. ಸಿಸಿಲಿಯನ್ ಆಗಲಿ ಎರೆಹುಳು ಆಗಲಿ ಹಾಗೆ ನಾಲಿಗೆ ಚಾಚುವುದಿಲ್ಲ. ಇರುವೆ, ಗೆದ್ದಲಿನ ಮೊಟ್ಟೆ ಮರಿ ಹುಡುಕಿಕೊಂಡು ಅದು ಗೋಡೆಯ ಸಂದಿಗೂ ಹೂಕುಂಡಕ್ಕೂ ಬರುತ್ತದೆ. ಕುಂಡದ ಮಣ್ಣಿನ ಜೊತೆಗೇ ಎಷ್ಟೋ ದೇಶಗಳಿಗೆ ಹೋಗಿ ನೆಲೆಯಾಗಿದೆ. ಈ ಜಾತಿಯಲ್ಲಿ ಎಲ್ಲವೂ ಹೆಣ್ಣು, ಗಂಡಿಲ್ಲದೆಯೇ ಮೊಟ್ಟೆ ಇಡುತ್ತವೆ. ಒಂದೇ ಒಂದು ಹೋಗಿ ಸೇರಿದರೂ ಸಂಸಾರ ಶುರು.

ಹಾವಾದರೆ ವಿಷ ಇದೆಯಾ ಅನ್ನುವ ನಿಮ್ಮವರ ಭಯವನ್ನು ನಾನು ಸುಮ್ನೆ ತಳ್ಳಿಹಾಕುವುದಿಲ್ಲ. ಹುರುಪೆ ಇರುವ ಸಪೂರ ಹಾವೆಲ್ಲ ಕುರುಡು ಹಾವಲ್ಲ. ಹವಳದ ಹಾವುಗಳೂ ಸಪೂರ, ಅವೂ ದರಕಿನ ಅಡಿ ಇರುತ್ತವೆ, ಅವಕ್ಕೆ ವಿಷ ಇದೆ. ಹಾಗಾಗಿ ಹುರುಪೆ ಕಂಡರೆ ಬೆರಳು ಹಾಕುವುದು ಬೇಡ. ಫೋಟೋ ತೆಗೆದು, ಎಲೆ ಅಥವಾ ಮೊರದಿಂದ ಸರಿಸಿ.

ಎರಡು ತಲೆಯ ವಿಷಯ. ಇಕ್ತಿಯೋಫಿಸ್‌ಗೆ ತೀರ ಗಿಡ್ಡ ಬಾಲವಾದರೂ ಇದೆ. ಗೆಜಿನಿಯೋಫಿಸ್ ಎಂಬ ಇನ್ನೊಂದು ಗುಂಪಿನ ಸಿಸಿಲಿಯನ್‌ಗೆ ಬಾಲವೇ ಇಲ್ಲ, ಹಿಂದಿನ ತುದಿಯೂ ತಲೆಯಂತೆ ಮೊಂಡು. ಅದರ ಕಣ್ಣು ಮೂಳೆಯ ಅಡಿ ಹುದುಗಿರುವುದರಿಂದ ಹೊರಗೆ ಸರಿಯಾಗಿ ಕಾಣುವುದಿಲ್ಲ. ಹಳದಿ ಗೆರೆ ಇಲ್ಲ, ಬಣ್ಣವೂ ಎಷ್ಟೋ ಸಲ ಎರೆಹುಳುವಿನಂಥ ನಸುಗೆಂಪು. ನಿಜವಾಗಿ ಕಷ್ಟ ಕೊಡುವುದು ಇದು. ನಮ್ಮ ಜಿಲ್ಲೆಯ ದಕ್ಷಿಣಕ್ಕೆ, ಉಡುಪಿ ಜಿಲ್ಲೆಯ ಮುದೂರಿನಿಂದ 2004ರಲ್ಲಿ ಈ ಗುಂಪಿನ ಒಂದು ಹೊಸ ಜಾತಿಯನ್ನು ಹೆಸರಿಸಿದರು. ಉತ್ತರಕ್ಕೆ ಗೋವಾ ಗಡಿಯ ಕಾಡುಗಳಲ್ಲೂ ಈ ಗುಂಪಿನವು ಸಿಕ್ಕಿವೆ. ಅಂಥದ್ದು ಸಿಕ್ಕಾಗ ಕಣ್ಣು ಹುಡುಕಿ ಪ್ರಯೋಜನ ಇಲ್ಲ. ಬಾಯಿಯ ಗೆರೆಯನ್ನೇ ಹುಡುಕಬೇಕು. ಅದು ಮೂತಿಯ ಕೆಳಗಿರುವುದರಿಂದ ಮೇಲಿನಿಂದ ಹತ್ತು ಫೋಟೋ ತೆಗೆದರೂ ಸಿಗುವುದಿಲ್ಲ.

ಹಾಗಾಗಿ ಇನ್ನೊಮ್ಮೆ ಸಿಕ್ಕರೆ ಹೀಗೆ ಮಾಡಿ. ಕೈ ಒದ್ದೆ ಮಾಡಿಕೊಂಡು, ಒದ್ದೆ ಬಾಳೆಲೆಯ ಮೇಲೆ ಮಣ್ಣು ಸಮೇತ ಎತ್ತಿಕೊಳ್ಳಿ. ತಲೆಗೆ ಮೆತ್ತಿದ ಮಣ್ಣು ಹೋಗುವಷ್ಟು ನಾಲ್ಕು ಹನಿ ನೀರು ಬಿಡಿ. ನಲ್ಲಿ ನೀರಿಗಿಂತ ಬಾವಿ ನೀರು ಒಳ್ಳೆಯದು. ಫೋನನ್ನು ನೆಲಮಟ್ಟಕ್ಕೆ ಇಳಿಸಿ, ಫ್ಲಾಶ್ ಇಲ್ಲದೆ, ತಲೆಯ ಪಕ್ಕದಿಂದ ಒಂದು, ಬಾಲದ ಪಕ್ಕದಿಂದ ಒಂದು ತೆಗೆಯಿರಿ. ಪಕ್ಕದಲ್ಲಿ ಒಂದು ನಾಣ್ಯ ಇಟ್ಟರೆ ಅಳತೆಯೂ ತಿಳಿಯುತ್ತದೆ. ಎರಡು ನಿಮಿಷಕ್ಕಿಂತ ಜಾಸ್ತಿ ಹೊತ್ತು ಹೊರಗಿಡಬೇಡಿ. ಆಮೇಲೆ ಕೈ ತೊಳೆಯಿರಿ. ಇದರ ಚರ್ಮದ ಲೋಳೆ ಕಣ್ಣಿಗೆ ತಾಗಿದರೆ ಉರಿಯಬಹುದು.

ಈಗ ಇರುವುದನ್ನು ಎಲ್ಲಿ ಬಿಡುವುದು ಅಂತ ಕೇಳಬಹುದು. ಸಿಕ್ಕಿದ ಗುಂಡಿಯ ಅಂಚಿಗೇ, ಹಸಿ ದರಕಿನ ಅಡಿ ಬಿಡಿ. ಬಿಡುವ ಮೊದಲು ಅದು ಇದ್ದ ಜಾಗವನ್ನು ಒಮ್ಮೆ ಮೆಲ್ಲಗೆ ಕೆದಕಿ ನೋಡಿ. ಇಕ್ತಿಯೋಫಿಸ್ ತಾಯಿ ನೀರಿಗೆ ಹತ್ತಿರದ ಹಸಿ ಮಣ್ಣಿನೊಳಗೆ ಮೊಟ್ಟೆಯ ಗೊಂಚಲನ್ನು ಸುತ್ತಿಕೊಂಡು ಕಾಯುತ್ತಾ ಮಲಗಿರುತ್ತದೆ, ಒಡೆದ ಮೇಲೆ ಮರಿಗಳು ನೀರಿಗೆ ಇಳಿಯುತ್ತವೆ. ಗುಂಡಿಯ ಪಕ್ಕದಲ್ಲೇ ಕಾಲುವೆ ಇದೆ ಅಂತ ನಿಮ್ಮ ಫೋಟೋದಲ್ಲಿ ಕಾಣುತ್ತಿದೆ. ಗೊಂಚಲು ಸಿಕ್ಕರೆ ಆ ಮೂಲೆಯೊಂದನ್ನು ಮಳೆಗಾಲ ಮುಗಿಯುವವರೆಗೆ ಹಾರೆ ಹಾಕದೆ ಬಿಟ್ಟುಬಿಡಿ, ಒಂದು ಫೋಟೋ ನನಗೂ ಹಾಕಿ.