ನೀಟ್‌ನಲ್ಲಿ ಬಿಟ್ಟ ಪ್ರಶ್ನೆ, ಜಾರಿದ ಉತ್ತರ

"ಫಿಸಿಕ್ಸ್‌ಗೇ ಟೈಮ್ ಮುಗಿದುಹೋಗುತ್ತೆ, ಯಾವುದರಿಂದ ಶುರು ಮಾಡಲಿ? ಕಷ್ಟದ್ದು ಬಿಟ್ಟರೆ ಓಎಂಆರ್‌ನಲ್ಲಿ ಎಡವಟ್ಟಾಗಲ್ವಾ?"

ಬಯಾಲಜಿಯಿಂದ ಶುರು ಮಾಡಿ. 180ರಲ್ಲಿ 90 ಪ್ರಶ್ನೆ ಅದರದ್ದೇ, ಲೆಕ್ಕವೂ ಕಡಿಮೆ. ಅದಕ್ಕೆ 50 ನಿಮಿಷ, ಕೆಮಿಸ್ಟ್ರಿಗೆ 50, ಫಿಸಿಕ್ಸ್‌ಗೆ 60. ಉಳಿದ 20 ಬಿಟ್ಟವುಗಳಿಗೆ.

ಎಡವಟ್ಟು ನನಗೇ ಆಗಿದೆ. ಮಡಿಕೇರಿಯಲ್ಲಿ ಒಂದು ಮಾಕ್ ಟೆಸ್ಟ್, ಹೊರಗೆ ಮಳೆ, 23ನೇ ಪ್ರಶ್ನೆ ಬಿಟ್ಟು 24ರ ಉತ್ತರವನ್ನು 23ರ ಸಾಲಿನಲ್ಲೇ ತುಂಬಿ, ಹೀಗೇ ಏಳು ಪ್ರಶ್ನೆ ಆದ ಮೇಲೆ ಗೊತ್ತಾಯಿತು. ಪೆನ್ನು, ಅಳಿಸುವ ಹಾಗೂ ಇಲ್ಲ. ಆಮೇಲಿಂದ ಪುಟ ಮುಗಿದ ಮೇಲೇ ಒಟ್ಟಿಗೆ ತುಂಬುತ್ತಿದ್ದೆ, ಪ್ರತಿ ನಂಬರನ್ನೂ ಮನಸ್ಸಿನಲ್ಲೇ ಓದಿಕೊಂಡು. ಬಿಟ್ಟದ್ದಕ್ಕೆ ಪ್ರಶ್ನೆಪತ್ರಿಕೆಯಲ್ಲಿ ದೊಡ್ಡ ಸುತ್ತು.

ಒಂದೂವರೆ ನಿಮಿಷದಲ್ಲಿ ದಾರಿ ಕಾಣದಿದ್ದರೆ ಮುಂದೆ ಹೋಗಿ. ತಪ್ಪಿದರೆ ಒಂದು ಅಂಕ ಕಳೆಯುತ್ತಾರೆ, ಬಿಟ್ಟರೆ ಏನೂ ಕಳೆಯುವುದಿಲ್ಲ. ಎರಡು ಆಯ್ಕೆ ಖಂಡಿತ ತಪ್ಪು ಅಂತ ಗೊತ್ತಿದ್ದಾಗ ಮಾತ್ರ ಊಹಿಸಿ, ಸುಮ್ನೆ ಬೇಡ.